ದಾಲ್ ತಡ್ಕಾ: ಕೊನೆಯ ಎರಡು ಚಮಚದ ಲೆಕ್ಕ

ಉತ್ತರ ಭಾರತದ ದಾಲ್ ತಡ್ಕಾದಲ್ಲಿ ಬೇಳೆ ಬೇಯುವುದು ಕುಕ್ಕರಿನಲ್ಲಿ, ಈರುಳ್ಳಿ–ಟೊಮೆಟೊ ಬಾಡುವುದು ಬಾಣಲೆಯಲ್ಲಿ. ಕಟ್ಟಕಡೆಗೆ ಜೀರಿಗೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಸಿಡಿಸಿದ ತುಪ್ಪ ಮೇಲೆ ಬೀಳುತ್ತದೆ. ಬಟ್ಟಲಿನ ಕ್ಯಾಲೊರಿ ಎಷ್ಟೆಂದು ಕೇಳಿದರೆ ಹೆಚ್ಚಿನವರು ಬೇಳೆಯನ್ನು ಮಾತ್ರ ಎಣಿಸುತ್ತಾರೆ.

ನಾಲ್ಕು ಜನರ ಅಡುಗೆಯನ್ನೇ ನೋಡೋಣ. 160 ಗ್ರಾಂ ತೊಗರಿ ಬೇಳೆಯಲ್ಲಿ ಸುಮಾರು 545 ಕ್ಯಾಲೊರಿ ಇರುತ್ತದೆ. ಒಂದು ಈರುಳ್ಳಿ, ಎರಡು ಟೊಮೆಟೊ ಸೇರಿ 70. ಅವನ್ನು ಬಾಡಿಸಲು ಒಂದು ದೊಡ್ಡ ಚಮಚ ಎಣ್ಣೆ ಹಾಕಿದರೆ 120. ಒಟ್ಟು 735 ಆಯಿತು, ತಲಾ ಸುಮಾರು 184.

ಕುಕ್ಕರ್ ಈ ಮೊತ್ತವನ್ನು ಬದಲಿಸುವುದಿಲ್ಲ. ವಿಷಲ್ ಕೂಗಿದಾಗ ಹೊರಬರುವುದು ನೀರಿನ ಆವಿ, ಅದರಲ್ಲಿ ಕ್ಯಾಲೊರಿ ಇಲ್ಲ. ಬದಲಾಗುವುದು ದಾಲ್‌ನ ತೂಕ. ಇದೇ ಅಡುಗೆ ಒಂದು ಕಿಲೋ ತೂಗಿದರೆ 100 ಗ್ರಾಮಿಗೆ 73 ಕ್ಯಾಲೊರಿ, ಕುದಿಸಿ 800 ಗ್ರಾಮಿಗೆ ಇಳಿಸಿದರೆ 92. ಆದ್ದರಿಂದ ಬೇರೆ ಯಾರೋ ಬೇಯಿಸಿದ ದಾಲ್‌ನ ‘100 ಗ್ರಾಮಿಗೆ ಇಷ್ಟು’ ಎಂಬ ಅಂಕಿಯನ್ನು ನಮ್ಮ ಬಟ್ಟಲಿಗೆ ಹಚ್ಚಿದರೆ ಲೆಕ್ಕ ತಪ್ಪುತ್ತದೆ. ಹಸಿ ಬೇಳೆಯನ್ನು ತೊಳೆಯುವ ಮೊದಲೇ ತೂಗಿಟ್ಟುಕೊಳ್ಳುವುದೇ ನಂಬಿಕೆಯ ದಾರಿ.

ಈಗ ಒಗ್ಗರಣೆ.

ಕರಗಿದ ತುಪ್ಪ ಒಂದು ದೊಡ್ಡ ಚಮಚಕ್ಕೆ 13 ಗ್ರಾಂಗಿಂತ ತುಸು ಹೆಚ್ಚು ತೂಗುತ್ತದೆ, ಸುಮಾರು 120 ಕ್ಯಾಲೊರಿ. ಎರಡು ಚಮಚ ಸುರಿದರೆ 240. ಪಾತ್ರೆಯ ಮೊತ್ತ 975 ಆಗಿ, ತಲಾ ಪಾಲು 184ರಿಂದ 244ಕ್ಕೆ ಏರುತ್ತದೆ. ಮೂರನೇ ಒಂದು ಭಾಗದಷ್ಟು ಏರಿಕೆ, ಬಟ್ಟಲಿನ ಗಾತ್ರ ಮಾತ್ರ ಹೆಚ್ಚುಕಡಿಮೆ ಅಷ್ಟೇ! ತುಪ್ಪವನ್ನು ಎಷ್ಟು ಕಾಯಿಸಿದರೂ ಈ ಕ್ಯಾಲೊರಿ ಆವಿಯಾಗಿ ಹೋಗುವುದಿಲ್ಲ. ಒಗ್ಗರಣೆ ಸೌಟಿಗೆ ಸ್ವಲ್ಪ ದಾಲ್ ಹಾಕಿ ಅಲುಗಾಡಿಸಿ ಮತ್ತೆ ಸುರಿಯುವ ರೂಢಿ ಇರುವ ಮನೆಯಲ್ಲಂತೂ ಅಂಟಿಕೊಂಡ ಹನಿಯೂ ಪಾತ್ರೆಗೇ ಸೇರುತ್ತದೆ.

ನಿಜವಾದ ಎಡವಟ್ಟು ಚಮಚದಲ್ಲಿದೆ. ಚಳಿಗಾಲದಲ್ಲಿ ಗಟ್ಟಿಯಾದ ತುಪ್ಪವನ್ನು ಗೋಪುರದಂತೆ ಎತ್ತಿದರೆ ಒಂದೇ ಚಮಚ 20 ಗ್ರಾಂ ದಾಟಬಹುದು. ಅಂದರೆ 180 ಕ್ಯಾಲೊರಿ. ತುಪ್ಪದ ಡಬ್ಬಿಯನ್ನು ಒಗ್ಗರಣೆಗೆ ಮುನ್ನ ಮತ್ತು ನಂತರ ತಕ್ಕಡಿಯ ಮೇಲಿಟ್ಟರೆ ವ್ಯತ್ಯಾಸವೇ ಉತ್ತರ: ಕಡಿಮೆಯಾದ ಪ್ರತಿ ಗ್ರಾಮಿಗೆ 9 ಕ್ಯಾಲೊರಿ.

ಪಾಲು ಹಂಚುವಾಗಲೂ ಎಚ್ಚರ ಬೇಕು. ತುಪ್ಪ ನೀರಿಗಿಂತ ಹಗುರ, ಮೇಲೆಯೇ ತೇಲುತ್ತದೆ. ಕಲಕದೆ ಮೊದಲ ಸೌಟು ತೆಗೆದರೆ ಆ ಬಟ್ಟಲಿಗೆ ಒಂದು ಚಮಚ ಪೂರ್ತಿ ಬಂದೀತು, ಆಗ ಅಲ್ಲಿ 300 ದಾಟುತ್ತದೆ, ತಳದ ಬಟ್ಟಲು 200ರ ಆಸುಪಾಸಿನಲ್ಲೇ ಉಳಿಯುತ್ತದೆ. ಮನೆಯಲ್ಲಿ ಒಬ್ಬರಿಗೆ ಕೊಬ್ಬು ಕಡಿಮೆ ಬೇಕಿದ್ದರೆ ಒಗ್ಗರಣೆಗೆ ಮೊದಲೇ ಅವರ ಪಾಲನ್ನು ತೆಗೆದಿಡಬಹುದು. ಅವರಿಗೆ 184ರಷ್ಟೇ. ಉಳಿದ ಮೂವರಿಗೆ ಅದೇ ಎರಡು ಚಮಚ ತುಪ್ಪ ಹಂಚಿಹೋಗಿ ತಲಾ 264 ಆಗುತ್ತದೆ, ಹಾಗಾಗಿ ಆ ದಿನ ಒಗ್ಗರಣೆಗೆ ಒಂದೂವರೆ ಚಮಚ ತುಪ್ಪ ಸಾಕು.