ಬಿರುಕಿನ ಮುಂದೆ ನಿಲ್ಲುವ ಕ್ಯಾಮೆರಾ

ಕೊಟ್ಟೂರಿನ ಒಳಗೇರಿಯಲ್ಲಿ ಬೆಳಿಗ್ಗೆ ಒಂಬತ್ತರ ಬಿಸಿಲು ಇನ್ನೂ ಗೋಡೆಯ ಅರ್ಧಕ್ಕೆ ಇಳಿದಿದೆ. ಮೂವತ್ತು-ನಲವತ್ತರ ಸೈಟಿನಲ್ಲಿ ಕಟ್ಟಿದ ಒಂದು ಮನೆ ಮಾರಾಟಕ್ಕಿದೆ. ಬ್ರೋಕರ್ ಹುಡುಗ ಗೇಟಿನ ಹತ್ತಿರ ಹೋಗದೆ ರಸ್ತೆಯ ನಟ್ಟನಡುವೆ ನಿಂತು ಮೊಬೈಲಿನ ದಿಕ್ಸೂಚಿ ನೋಡುತ್ತಾನೆ. ಕಬ್ಬಿಣದ ಗೇಟಿನ ಪಕ್ಕ ನಿಂತರೆ ಮುಳ್ಳು ತಪ್ಪು ತೋರಿಸುತ್ತದೆ, ಪೂರ್ವದ ಬಾಗಿಲು ಆಗ್ನೇಯವಾಗಿಬಿಡುತ್ತದೆ. ವಾಸ್ತು ಕೇಳುವ ಗಿರಾಕಿ ಅಲ್ಲಿಂದಲೇ ಹಿಂದೆ ಸರಿಯುತ್ತಾನೆ.

ವಿಡಿಯೋ ಶುರುವಾಗುವುದೂ ಆ ರಸ್ತೆಯಿಂದಲೇ. ಮನೆಯ ಚೆಲುವಾದ ಮುಂಭಾಗ ಆಮೇಲೆ ಬರುತ್ತದೆ. ಮೊದಲು ಅಳತೆಯ ಟೇಪನ್ನು ರಸ್ತೆಗೆ ಅಡ್ಡ ಹಾಸುತ್ತಾನೆ. ಚರಂಡಿ ಬಿಟ್ಟು ಹದಿನೆಂಟು ಅಡಿ. ಕಾರು ಬಂದು ತಿರುಗುತ್ತದೋ, ಇಲ್ಲ ಹಿಂದಕ್ಕೇ ಹೋಗಬೇಕೋ ಎನ್ನುವುದು ಬೆಂಗಳೂರಿನಲ್ಲೋ ರಾಯಚೂರಿನಲ್ಲೋ ಕುಳಿತು ನೋಡುವವನಿಗೆ ಆ ಒಂದು ಹಳದಿ ಪಟ್ಟಿಯಿಂದಲೇ ತಿಳಿಯುತ್ತದೆ. ಈ ಸೀಮೆಯ ಮನೆ ಕೊಳ್ಳುವವರಲ್ಲಿ ಹಲವರು ಹಾಗೆ ದೂರ ಇರುವವರು: ಬೇರೆ ಜಿಲ್ಲೆಯಲ್ಲಿ ನೌಕರಿಯಲ್ಲಿರುವ ಮೇಷ್ಟ್ರು, ಬೆಂಗಳೂರಿನಲ್ಲಿ ದುಡಿದು ಊರಲ್ಲೊಂದು ನೆಲೆ ಬಯಸುವವರು. ಅವರಿಗೆ ಬಸ್ ಹತ್ತಿ ಬರುವುದೆಂದರೆ ಒಂದು ರಜೆ, ಒಂದು ರಾತ್ರಿ.

ಒಳಗೆ ಹೋಗುವ ಮುನ್ನ ಮೊಬೈಲಿನಲ್ಲಿ `0.5x` ಇದ್ದುದನ್ನು `1x`ಗೆ ತರುತ್ತಾನೆ. ಬಹಳ ವಿಡಿಯೋಗಳ ಸುಳ್ಳು ಅಡಗಿರುವುದು ಈ ಒಂದು ಒತ್ತಿನಲ್ಲಿ. ಅಗಲದ ಲೆನ್ಸಿನಲ್ಲಿ ಹತ್ತು ಅಡಿಯ ಕೋಣೆ ಕಲ್ಯಾಣ ಮಂಟಪದಂತೆ ಹರಡಿಕೊಳ್ಳುತ್ತದೆ. ಅಂಚಿನ ಕಂಬ ಬಾಗಿದ್ದರೆ, ಪಕ್ಕದ ಬಾಗಿಲು ಹೊರಗೆ ಎಳೆದಂತೆ ಕಂಡರೆ ಅದು ಆ ಲೆನ್ಸಿನದೇ ಕೆಲಸ ಎಂದು ನೋಡುವವರು ಗುರುತು ಹಿಡಿಯಬಹುದು. `1x`ನಲ್ಲಿ ಇಡೀ ಕೋಣೆ ಒಂದೇ ನೋಟಕ್ಕೆ ಸಿಗುವುದಿಲ್ಲ. ಅದಕ್ಕೇ ಅವನು ಬಾಗಿಲಲ್ಲಿ ನಿಂತು ಮೊಬೈಲನ್ನು ಎದೆಯ ಮಟ್ಟಕ್ಕೆ ಹಿಡಿದು, ಕೈ ತಿರುಗಿಸದೆ ಸೊಂಟದಿಂದ ಮೆಲ್ಲಗೆ ಹೊರಳುತ್ತಾನೆ. ನೆಲದ ಮೇಲೆ ಬಿಚ್ಚಿದ ಟೇಪು ಹಾಗೇ ಬಿದ್ದಿರುತ್ತದೆ: ಪಡಸಾಲೆ ಹತ್ತು ಬೈ ಹದಿನಾಲ್ಕು.

ನಡುವೆ ಎಲ್ಲೂ ಕತ್ತರಿ ಇಲ್ಲ. ಪಡಸಾಲೆ, ಅಡುಗೆಮನೆ, ಬಚ್ಚಲು, ಮೆಟ್ಟಿಲು, ಮಾಳಿಗೆ, ಎಲ್ಲ ಒಂದೇ ನಡಿಗೆ. ತುಂಡು ತುಂಡಾಗಿ ಹಿಡಿದು ಜೋಡಿಸಿದರೆ ಚಂದ ಕಾಣುತ್ತದೆ, ನಿಜ. ಆದರೆ ಯಾವ ಕೋಣೆಯಿಂದ ಯಾವ ಕೋಣೆಗೆ ದಾರಿ ಎನ್ನುವುದೇ ಕಳೆದುಹೋಗುತ್ತದೆ. ಬಚ್ಚಲಿಗೆ ಅಡುಗೆಮನೆ ದಾಟಿಯೇ ಹೋಗಬೇಕು ಎಂಬಂಥ ಸಂಗತಿ ಕತ್ತರಿಸಿದ ಜಾಗದಲ್ಲೇ ಮಾಯವಾಗಿರುತ್ತದೆ. ಬಿಸಿಲಿಂದ ಕತ್ತಲ ಕೋಣೆಗೆ ಕಾಲಿಟ್ಟಾಗ ಚಿತ್ರ ಒಂದು ಕ್ಷಣ ಕಪ್ಪಾಗುತ್ತದೆ. ಅವನು ನಿಂತು ಕಾಯುತ್ತಾನೆ, ಲೈಟು ಹಾಕುವುದಿಲ್ಲ. ಹಗಲಲ್ಲಿ ಆ ಕೋಣೆ ಎಷ್ಟು ಕತ್ತಲೋ ಅಷ್ಟೇ ಕಾಣಲಿ ಎಂದು.

ಹಿಂದಿನ ಕೋಣೆಯ ಕಿಟಕಿಯ ಹತ್ತಿರ ನಡಿಗೆ ನಿಲ್ಲುತ್ತದೆ. ಕಿಟಕಿಯ ಮೂಲೆಯಿಂದ ಸೂರಿನ ಕಡೆಗೆ ಓರೆಯಾಗಿ ಏರಿದ ಬಿರುಕು. ಮೇಲಕ್ಕೆ ಹೋದಂತೆ ಅಗಲ. ಒಂದು ರೂಪಾಯಿ ನಾಣ್ಯವನ್ನು ಅದರೊಳಗೆ ತೂರಿಸುತ್ತಾನೆ, ನಾಣ್ಯ ನಿಲ್ಲುತ್ತದೆ. ಕೂದಲೆಳೆಯಂತೆ ಬಲೆಬಲೆಯಾಗಿ ಒಡೆದಿದ್ದರೆ ಅದು ಬರಿ ಗಿಲಾವಿನದು, ಕೆರೆದು ಬಳಿದರೆ ಮುಗಿಯಿತು. ಹೀಗೆ ಮೂಲೆಯಿಂದ ಓರೆಯಾಗಿ ಎದ್ದದ್ದು ಪಾಯ ಕುಸಿದ ಗುರುತಿರಬಹುದು. ಇಲ್ಲಿನ ನೆಲ ಎರೆ. ಮಳೆಗೆ ಉಬ್ಬುತ್ತದೆ, ಬೇಸಗೆಗೆ ಬಿರಿಯುತ್ತದೆ. ಗಟ್ಟಿಯ ಪದರ ಸಿಗುವವರೆಗೆ ಪಾಯ ತೆಗೆಯದ ಗೋಡೆ ಅದರ ಜೊತೆಗೇ ಏರಿಳಿಯುತ್ತದೆ. ಮಳೆಗಾಲದಲ್ಲಿ ಕೂಡಿಕೊಂಡು ಬೇಸಗೆಯಲ್ಲಿ ಬಾಯ್ಬಿಡುವ ಬಿರುಕಿಗೆ ಸಿಮೆಂಟು ಮೆತ್ತಿ ಬಣ್ಣ ಬಳಿದರೂ ಮುಂದಿನ ಬೇಸಗೆಗೆ ಅದೇ ಗೆರೆ ಮತ್ತೆ ಕಾಣುತ್ತದೆ.

ಮನೆಯ ಯಜಮಾನಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಾರೆ. ‘ಅದನ್ಯಾಕ ತೋರಿಸ್ತೀಯಪ್ಪಾ, ರೇಟು ಬೀಳ್ತೈತಿ.’

‘ಅವ್ವಾ, ಅವ್ರು ಬಂದು ನೋಡೇ ನೋಡ್ತಾರ. ಆಗ ಕಂಡ್ರ ಬಿರುಕೊಂದೇ ಅಲ್ಲ, ನಾ ಹೇಳಿದ್ದು ಒಂದೂ ನಂಬಂಗಿಲ್ಲ. ಈಗ್ಲೇ ನೋಡಿ ಬಂದವ್ರು ಇದನ್ನ ಲೆಕ್ಕಕ್ಕ ಹಿಡಿದೇ ಬಂದಿರ್ತಾರ.’

ಆಕೆ ಒಪ್ಪಿದರೋ ಇಲ್ಲವೋ ಹೇಳಲಾರೆ. ಆದರೆ ಅವರು ಕೇಳಿದ ಇನ್ನೊಂದು ಮಾತಿಗೆ ಅವನು ತಕ್ಷಣ ತಲೆಯಾಡಿಸಿದ. ದೇವರ ಕೋಣೆ, ಗೋಡೆಯ ಫೋಟೋಗಳು, ಬೀರು ವಿಡಿಯೋದಲ್ಲಿ ಬರಬಾರದು. ಅದು ಸರಿಯಾದ ಮಾತು. ಮನೆ ಮಾರುವವರು ತಮ್ಮ ಬದುಕನ್ನೂ ಮಾರಾಟಕ್ಕೆ ಇಟ್ಟಿರುವುದಿಲ್ಲ.

ಮಾಳಿಗೆಯ ಮೇಲಿಂದ ನಾಲ್ಕೂ ದಿಕ್ಕು ತೋರಿಸಿ, ಕೆಳಗಿಳಿದು ನಲ್ಲಿ ತಿರುಗಿಸಿ, ನೀರಿನ ಸದ್ದು ಕೇಳಿಸಿ ಮುಗಿಸುತ್ತಾನೆ. ಪೂರ್ತಿ ವಿಡಿಯೋ ಯೂಟ್ಯೂಬಿಗೆ, ಅದರ ಲಿಂಕು ವಾಟ್ಸಾಪಿಗೆ. ನೇರ ವಾಟ್ಸಾಪಿನಲ್ಲೇ ಕಳಿಸಿದರೆ ಅದು ವಿಡಿಯೋವನ್ನು ಹಿಂಡಿ ಚಿಕ್ಕದು ಮಾಡುತ್ತದೆ, ಬಿರುಕು ಬರಿ ಮಸುಕಾಗಿ ಉಳಿಯುತ್ತದೆ.

ಇನ್ನು ಬರೆಯುವ ಪೋಸ್ಟು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಯಾವ ಕಡೆ ಹೋದರೂ ಹಳಬರು ಜಾಗವನ್ನು ಸೆಂಟಿನಲ್ಲೇ ಹೇಳುತ್ತಾರೆ. 1953ರ ಅಕ್ಟೋಬರ್ 1ರವರೆಗೆ ಈ ಭಾಗ ಮದ್ರಾಸಿಗೆ ಸೇರಿದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆಡಳಿತ ಹೋದರೂ ಅಳತೆ ಉಳಿಯಿತು. ಒಂದು ಸೆಂಟೆಂದರೆ 435.6 ಚದರ ಅಡಿ. ಮೂವತ್ತು-ನಲವತ್ತೆಂದರೆ ಎರಡೂ ಮುಕ್ಕಾಲು ಸೆಂಟು. ಬಾಯಿಮಾತಲ್ಲಿ ಅದು ‘ಮೂರು ಸೆಂಟು’ ಆಗುತ್ತದೆ, ಅಲ್ಲಿಗೆ ನೂರು ಚದರ ಅಡಿಗೂ ಹೆಚ್ಚು ಗಾಳಿಯಲ್ಲಿ ಹುಟ್ಟಿಕೊಂಡಿತು. ಅದಕ್ಕೇ ಇವನು ಟೇಪು ಹಿಡಿದದ್ದನ್ನೇ ಬರೆಯುತ್ತಾನೆ. ಈ ಮನೆಗೆ ಮುಂದೆ ಮೂವತ್ತು ಅಡಿ ಇದೆ, ಹಿಂದೆ ಪಕ್ಕದವರ ಗೋಡೆ ಒಳಸರಿದು ಇಪ್ಪತ್ತೆಂಟೂವರೆ. ಕಾಗದದಲ್ಲಿ 1200 ಚದರ ಅಡಿ, ನೆಲದಲ್ಲಿ 1170. ಎರಡನ್ನೂ ಹಾಕುತ್ತಾನೆ.

ಅವನ ಪೋಸ್ಟು ಹೀಗಿದೆ: ‘ಕೊಟ್ಟೂರು ಪಟ್ಟಣದೊಳಗೆ ಪೂರ್ವ ಬಾಗಿಲ ಮನೆ. ಕಾಗದದಲ್ಲಿ 30×40, ಅಳೆದಾಗ ಹಿಂದೆ ಒಂದೂವರೆ ಅಡಿ ಕಮ್ಮಿ. ರಸ್ತೆ 18 ಅಡಿ. ನಳದ ನೀರು ದಿನಾ ಬರುವುದಿಲ್ಲ, ಸಂಪು ಇದೆ, ಬೋರು ಇಲ್ಲ. ಹಿಂದಿನ ಕೋಣೆಯಲ್ಲಿ ಬಿರುಕಿದೆ, ವಿಡಿಯೋದಲ್ಲಿ ನೋಡಿ, ಬರುವಾಗ ನಿಮ್ಮ ಮೇಸ್ತ್ರಿಯನ್ನು ಕರೆತನ್ನಿ. ಇ-ಖಾತೆ ಆಗಿದೆ. ಇ.ಸಿ. ನೀವೇ ತೆಗೆಸಿ ನೋಡಿ. ನನ್ನ ಕಮಿಷನ್ ಮೊದಲೇ ಹೇಳುತ್ತೇನೆ.’ ಖಾತೆಯ ನಂಬರು, ಆಧಾರ್, ಕಾಗದದ ಫೋಟೋ ಏನೂ ಇಲ್ಲ. ಅವು ಮುಖಾಮುಖಿ ಕೂತಾಗ.

ಮನೆಯ ಮಾತು ಇಷ್ಟಕ್ಕೆ ಮುಗಿಯುತ್ತದೆ, ಖಾಲಿ ಸೈಟಿನದು ಮುಗಿಯುವುದಿಲ್ಲ. ಊರ ಹೊರಗಿನ ಹೊಲದಲ್ಲಿ ಸುಣ್ಣದ ಗೆರೆ ಎಳೆದು, ಕಲ್ಲು ನೆಟ್ಟು, ‘ಎನ್.ಎ. ಆಗುತ್ತದೆ’ ಎಂದು ಹಾಕುವ ಪೋಸ್ಟುಗಳಿವೆ. ಆಗಿದೆ ಮತ್ತು ಆಗುತ್ತದೆ, ಈ ಎರಡರ ನಡುವೆ ಭೂ ಪರಿವರ್ತನೆಯ ಆದೇಶವೂ ಬಡಾವಣೆಯ ನಕ್ಷೆಯ ಒಪ್ಪಿಗೆಯೂ ಇವೆ. ಯಾವ ವಿಡಿಯೋದಲ್ಲೂ ಅವು ಕಾಣುವುದಿಲ್ಲ, ಮಣ್ಣು ಎರಡಕ್ಕೂ ಒಂದೇ ಬಣ್ಣ. ಗ್ರಾಮ ಪಂಚಾಯಿತಿಯ ಜಾಗವಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಇದೆಯೇ, ಬರಿ 11ಬಿಯೇ ಎಂದು ಕೇಳಬೇಕು. ಮೊದಲಿನ ಜೋಡಿ ಗ್ರಾಮಠಾಣಾದೊಳಗಿನ ಇಲ್ಲವೇ ಪರಿವರ್ತನೆಯಾಗಿ ಒಪ್ಪಿಗೆ ಪಡೆದ ಜಾಗಕ್ಕೆ ಸಿಗುವಂಥದ್ದು. 500 ಚದರ ಮೀಟರಿಗಿಂತ ದೊಡ್ಡ ಜಾಗದಲ್ಲಿ ಹೊಸ ಬಡಾವಣೆ ಮಾಡಿ ಸೈಟು ಮಾರುವುದಾದರೆ 2016ರ ರೇರಾ ಕಾಯ್ದೆಯಂತೆ ಬಡಾವಣೆಯೂ ನೋಂದಣಿಯಾಗಬೇಕು, ಅದನ್ನು ಮಾರಿಸಿಕೊಡುವ ಏಜೆಂಟನೂ ನೋಂದಣಿಯಾಗಬೇಕು. ಚಿಕ್ಕ ಊರು, ಚಿಕ್ಕ ಬ್ರೋಕರ್ ಎಂಬ ವಿನಾಯಿತಿ ಅಲ್ಲಿಲ್ಲ.

ಹಡಗಲಿ ಕಡೆಯ ಅಂಥದ್ದೊಂದು ಹೊಲದ ಫೋಟೋ ಅವನ ಮೊಬೈಲಿಗೂ ಬಂದಿದೆ, ವಿಡಿಯೋ ಮಾಡಿಕೊಡು ಎಂದು. ‘ಪರಿವರ್ತನೆ ಆದೇಶ ಕಳಿಸ್ರಿ ಅಣ್ಣಾ, ನಾಳೇನೇ ಬರ್ತೀನಿ’ ಎಂದು ಉತ್ತರ ಬರೆದು, ಟೇಪು ಸುತ್ತಿಕೊಂಡು ಬೈಕಿನ ಡಿಕ್ಕಿಗೆ ಹಾಕುತ್ತಾನೆ. ಹನ್ನೊಂದಕ್ಕೆ ಕೂಡ್ಲಿಗಿಯಲ್ಲಿ ಇನ್ನೊಂದು ಮನೆ ಅಳೆಯುವುದಿದೆ.