ರಿಕ್ರೂಟರ್ ಕಾಲ್‌ಗೆ ಒಪ್ಪುವ ಮೊದಲು ‘ಬಜೆಟ್ ಎಷ್ಟು?’ ಅಂತ ಕೇಳಿ

“ಹಾಯ್, ನಿಮ್ಮ ಪ್ರೊಫೈಲ್ ನೋಡಿದ್ವಿ. ಒಳ್ಳೆ ಅವಕಾಶ ಇದೆ, ಇವತ್ತು ಒಂದು ಕ್ವಿಕ್ ಕಾಲ್ ಮಾಡಬಹುದಾ?” ಬೆಂಗಳೂರಿನ ಐಟಿ ಉದ್ಯೋಗಿಗಳಿಗೆ ಈ ಮೆಸೇಜ್ ಹೊಸದಲ್ಲ. ಯಾವ ಕೆಲಸ, ಎಷ್ಟು ಸಂಬಳ ಅನ್ನೋದು ಅದರಲ್ಲಿ ಇರುವುದಿಲ್ಲ. ಆದರೆ ಫೋನ್ ಎತ್ತಿದ ಕೂಡಲೇ ನಮ್ಮನ್ನು ಕೇಳುವುದು ಅದನ್ನೇ: ಈಗಿನ ಸಿಟಿಸಿ ಎಷ್ಟು, ನಿರೀಕ್ಷೆ ಎಷ್ಟು, ನೋಟಿಸ್ ಪೀರಿಯಡ್ ಎಷ್ಟು ದಿನ?

ಕೋಡ್ ಬರೆಯುತ್ತಿದ್ದ ದಿನಗಳಲ್ಲಿ ನಾನೂ ಇವಕ್ಕೆಲ್ಲ ಪಟಪಟ ಉತ್ತರ ಕೊಟ್ಟು, ಎರಡು ದಿನ ರಜೆ ಹಾಕಿ, ನಾಲ್ಕು ಸುತ್ತು ಇಂಟರ್‌ವ್ಯೂ ಮುಗಿಸಿದ್ದೆ. ಕೊನೆಗೆ ಎಚ್‌ಆರ್ ಹೇಳಿದ್ದು ಆಗ ಬರುತ್ತಿದ್ದ ಸಂಬಳಕ್ಕಿಂತ ತಿಂಗಳಿಗೆ ಐದು ಸಾವಿರ ಮಾತ್ರ ಹೆಚ್ಚು. “ಈ ಪೊಸಿಷನ್‌ಗೆ ಬಜೆಟ್ ಇರೋದೇ ಇಷ್ಟು” ಅಂದರು.

ಆ ಅಂಕಿ ಕೊನೆಯ ದಿನ ಹುಟ್ಟಿದ್ದಲ್ಲ. ಸಾಮಾನ್ಯವಾಗಿ ಒಂದು ಹುದ್ದೆ ತೆರೆಯುವಾಗಲೇ ಕಂಪನಿಯೊಳಗೆ ಅದರ ಬಜೆಟ್‌ಗೆ ಒಪ್ಪಿಗೆ ಸಿಕ್ಕಿರುತ್ತದೆ. ಕಂಪನಿ ಆ ಕೆಲಸವನ್ನು ಕನ್ಸಲ್ಟೆನ್ಸಿಗೆ ಕೊಟ್ಟರೂ ಜಾಬ್ ಡಿಸ್ಕ್ರಿಪ್ಷನ್ (ಜೆಡಿ) ಜೊತೆಗೆ ಎಷ್ಟರವರೆಗೆ ಕೊಡಬಹುದು ಅನ್ನೋದನ್ನೂ ತಿಳಿಸಿರುತ್ತದೆ. ಹಾಗಾಗಿ ಮೊದಲ ಕಾಲ್‌ಗೆ ಮುಂಚೆ ಇವೆರಡನ್ನೂ ಕೇಳುವುದು ಉದ್ಧಟತನ ಅಲ್ಲ. ರಿಕ್ರೂಟರ್ ಬಳಿ ಇರುವುದನ್ನೇ ಕೇಳುತ್ತಿದ್ದೇವೆ.

ಹೇಗೆ ಕೇಳಬೇಕು? ನನ್ನ ಗೆಳತಿಯೊಬ್ಬಳ ಉದಾಹರಣೆ ನೋಡಿ. ಆರು ವರ್ಷದ ಅನುಭವ, ಸಿಟಿಸಿ 14 ಲಕ್ಷ, ಅದರಲ್ಲಿ ವೇರಿಯಬಲ್ ಇಲ್ಲ. ಮೆಸೇಜ್ ಬಂದಾಗ ಅವಳು ಬರೆದದ್ದು ಇಷ್ಟು: “ಥ್ಯಾಂಕ್ಸ್ ಸರ್, ಆಸಕ್ತಿ ಇದೆ. ಜೆಡಿ, ಆಫೀಸ್ ಇರುವ ಜಾಗ ಮತ್ತು ಸಂಬಳದ ಬಜೆಟ್ ಕಳಿಸಿ. ಫಿಕ್ಸೆಡ್ ಎಷ್ಟು, ವೇರಿಯಬಲ್ ಎಷ್ಟು ಅಂತ ಬೇರೆ ಬೇರೆ ಹೇಳಿ. ಹೊಂದಿಕೆಯಾದರೆ ನಾಳೆ ಸಂಜೆ ಆರಕ್ಕೆ ಮಾತಾಡೋಣ. ಅಲ್ಲಿವರೆಗೆ ನನ್ನ ಪ್ರೊಫೈಲ್ ಎಲ್ಲೂ ಸಬ್ಮಿಟ್ ಮಾಡಬೇಡಿ.”

ಕೊನೆಯ ಸಾಲು ಸುಮ್ಮನೆ ಬರೆದದ್ದಲ್ಲ. ಒಂದು ಕನ್ಸಲ್ಟೆನ್ಸಿ ನಿಮ್ಮ ರೆಸ್ಯೂಮೆಯನ್ನು ಕಂಪನಿಯ ಪೋರ್ಟಲ್‌ಗೆ ಹಾಕಿಬಿಟ್ಟರೆ, ಎಷ್ಟೋ ಕಡೆ ಕೆಲವು ತಿಂಗಳು ಬೇರೆಯವರ ಮೂಲಕ ಅದೇ ಕಂಪನಿಗೆ ಹೋದರೂ ‘ಡೂಪ್ಲಿಕೇಟ್’ ಅಂತ ತಿರಸ್ಕಾರವಾಗುತ್ತದೆ.

ಉತ್ತರ ಬಂತು: 18 ಲಕ್ಷ, ಅದರಲ್ಲಿ 2 ಲಕ್ಷ ವೇರಿಯಬಲ್. ನೋಡೋಕೆ 4 ಲಕ್ಷದ ಏರಿಕೆ. ನಾವಿಬ್ಬರೂ ಕೂತು ಲೆಕ್ಕ ಹಾಕಿದ್ವಿ. ಬೇಸಿಕ್ ಅಂದರೆ ಸಿಟಿಸಿಯ ಅರ್ಧ, 9 ಲಕ್ಷ ಅಂತ ಇಟ್ಟುಕೊಂಡರೆ ಕಂಪನಿಯ ಪಾಲಿನ ಪಿಎಫ್ ಶೇ. 12, ಅಂದರೆ 1.08 ಲಕ್ಷ. ಗ್ರಾಚ್ಯುಟಿ ಶೇ. 4.81, ಸುಮಾರು 43 ಸಾವಿರ. ಇವೆರಡನ್ನೂ ವೇರಿಯಬಲ್ಲನ್ನೂ ಕಳೆದರೆ ಉಳಿಯೋದು 14.49 ಲಕ್ಷ. ಈಗಿನ 14 ಲಕ್ಷವನ್ನೂ ಇದೇ ರೀತಿ ಬಿಡಿಸಿದರೆ 12.82 ಲಕ್ಷ. ಅಂದರೆ ತೆರಿಗೆ ಮತ್ತು ತನ್ನ ಪಾಲಿನ ಪಿಎಫ್ ಕಟ್ ಆಗುವ ಮೊದಲು ತಿಂಗಳಿಗೆ ಖಚಿತವಾಗಿ ಹೆಚ್ಚಾಗೋದು ಸುಮಾರು 14 ಸಾವಿರ. ಜೆಡಿಯಲ್ಲಿ ಆಫೀಸ್ ವೈಟ್‌ಫೀಲ್ಡ್, ವಾರಕ್ಕೆ ಐದು ದಿನ, ತಿಂಗಳಲ್ಲಿ ಒಂದು ವಾರ ರಾತ್ರಿ ಸಪೋರ್ಟ್ ಅಂತಿತ್ತು. ಅವಳ ಮನೆ ರಾಜರಾಜೇಶ್ವರಿ ನಗರದಲ್ಲಿ. ಕಾಲ್ ಬೇಡ ಅಂತ ನಯವಾಗಿ ಬರೆದು ಮುಗಿಸಿದಳು.

ಎಲ್ಲರೂ ಹೀಗೆ ಅಂಕಿ ಕೊಡಲ್ಲ. “ಆಸ್ ಪರ್ ಇಂಡಸ್ಟ್ರಿ ಸ್ಟ್ಯಾಂಡರ್ಡ್” ಅನ್ನೋದು ಉತ್ತರವೇ ಅಲ್ಲ, ಇನ್ನೊಮ್ಮೆ ಕೇಳಿ. “ನಿಮ್ಮ ಈಗಿನ ಸಿಟಿಸಿ ಮೇಲೆ ಇಂತಿಷ್ಟು ಪರ್ಸೆಂಟ್” ಅಂದರೆ, ಹುದ್ದೆಯ ಬೆಲೆಗಿಂತ ನಿಮ್ಮ ಹಳೆಯ ಸಂಬಳವನ್ನೇ ಅಳತೆಗೋಲು ಮಾಡಿಕೊಂಡಿದ್ದಾರೆ ಅಂತ ಅರ್ಥ. ಕಡಿಮೆ ಸಂಬಳದಲ್ಲಿ ವೃತ್ತಿ ಶುರು ಮಾಡಿದವರಿಗೆ ಇದರಿಂದ ಪ್ರತಿ ಸಲವೂ ನಷ್ಟ. ಜೆಡಿಯನ್ನೂ ಕೊಡದೆ ರೆಸ್ಯೂಮೆ ಮಾತ್ರ ಕೇಳಿದರೆ, ಹುದ್ದೆ ನಿಜವಾಗಿ ಇದೆಯಾ ಅಂತಲೇ ಅನುಮಾನಿಸಬೇಕು.

ಕ್ಯಾಂಪಸ್‌ನಿಂದ ಬರುವ ಫ್ರೆಶರ್‌ಗಳಿಗೆ, ಕೆಲಸ ಕಳೆದುಕೊಂಡು ಕೂತವರಿಗೆ ಇಷ್ಟು ಬಿಗಿಯಾಗಿ ಕೇಳೋದು ಕಷ್ಟ. ಅಂಥವರು ಕಾಲ್‌ಗೆ ಒಪ್ಪಿಕೊಳ್ಳಲಿ, ಆದರೆ ತಮ್ಮ ಸಿಟಿಸಿ ಹೇಳುವ ಮೊದಲು ಬಜೆಟ್ ಕೇಳಲಿ.

ಬೇರೆ ಕಡೆ ಇದನ್ನು ಅಭ್ಯರ್ಥಿಯ ಧೈರ್ಯಕ್ಕೆ ಬಿಟ್ಟಿಲ್ಲ. ಅಮೆರಿಕದ ಕೊಲರಾಡೊದಲ್ಲಿ 2021ರಿಂದ, ಕ್ಯಾಲಿಫೋರ್ನಿಯಾದಲ್ಲಿ 2023ರಿಂದ ಉದ್ಯೋಗ ಜಾಹೀರಾತಿನಲ್ಲೇ ಸಂಬಳದ ವ್ಯಾಪ್ತಿ ಹಾಕಬೇಕು (ಕ್ಯಾಲಿಫೋರ್ನಿಯಾದಲ್ಲಿ ಸಣ್ಣ ಕಂಪನಿಗಳಿಗೆ ವಿನಾಯಿತಿ ಇದೆ). ಐರೋಪ್ಯ ಒಕ್ಕೂಟದ 2023ರ ನಿರ್ದೇಶನದ ಪ್ರಕಾರ ಅಭ್ಯರ್ಥಿಗೆ ಆರಂಭಿಕ ಸಂಬಳ ಅಥವಾ ಅದರ ವ್ಯಾಪ್ತಿಯನ್ನು ಮುಂಚೆಯೇ ತಿಳಿಸಬೇಕು, ಹಳೆಯ ಸಂಬಳ ಕೇಳುವಂತಿಲ್ಲ. ಸದಸ್ಯ ದೇಶಗಳು ಇದನ್ನು ಕಾನೂನು ಮಾಡಿಕೊಳ್ಳಲು ಕೊಟ್ಟ ಗಡುವು 2026ರ ಜೂನ್ 7. ನಮ್ಮಲ್ಲಿ ಖಾಸಗಿ ಕಂಪನಿಗಳ ಮೇಲೆ ಅಂಥ ಕಟ್ಟುಪಾಡು ಇಲ್ಲ. ಅದು ಬರೋವರೆಗೆ ನಾವೇ ಕೇಳಬೇಕು, ಅದೂ ಮೆಸೇಜ್‌ನಲ್ಲೇ. ಆಫರ್ ಲೆಟರ್ ಕೈಗೆ ಬಂದಾಗ ಪಕ್ಕಕ್ಕಿಟ್ಟು ಹೋಲಿಸೋಕೆ ಬರಹದಲ್ಲಿ ಒಂದು ಅಂಕಿ ಇರುತ್ತದೆ.