ಒಂದು ಗುಟುಕು ನೀರು ದಾರಿ ತಪ್ಪಿದಾಗ

ಲಕ್ವ ಹೊಡೆದವರನ್ನು ಆಸ್ಪತ್ರೆಗೆ ಸೇರಿಸಿದ ಕೆಲವೇ ಗಂಟೆಗಳಲ್ಲಿ ಮನೆಯವರು ನರ್ಸ್ ಬಳಿ ಬಂದು ಕೇಳುವುದುಂಟು: "ಊಟ ಬೇಡ ಅಂದ್ರೆ ಬೇಡ, ಬಾಯಿ ಒಣಗಿದೆ, ಒಂದೆರಡು ಚಮಚ ನೀರಾದ್ರೂ ಹಾಕಬಹುದಲ್ವಾ?" ಅನ್ನ ಸಿಕ್ಕಿಕೊಳ್ಳಬಹುದು, ನೀರು ತಾನಾಗಿ ಇಳಿಯುತ್ತದೆ ಎಂಬುದು ಅವರ ಲೆಕ್ಕ. ಆದರೆ ಪಾರ್ಶ್ವವಾಯುವಾದ ಅನೇಕರಿಗೆ ನೀರೇ ಹೆಚ್ಚು ಅಪಾಯಕಾರಿ.

ಗಂಟಲಲ್ಲಿ ಗಾಳಿಗೂ ಅನ್ನಕ್ಕೂ ಸ್ವಲ್ಪ ದೂರ ಒಂದೇ ದಾರಿ. ಬಾಯಲ್ಲಿ ಅಗಿದು ತುತ್ತನ್ನು ಹಿಂದಕ್ಕೆ ತಳ್ಳುವವರೆಗೆ ಎಲ್ಲವೂ ನಮ್ಮ ಇಚ್ಛೆಯಂತೆ ನಡೆಯುತ್ತದೆ. ತುತ್ತು ನಾಲಗೆಯ ಬುಡ ದಾಟಿತೋ, ಮುಂದಿನದು ನಮ್ಮ ಕೈಯಲ್ಲಿಲ್ಲ. ಮೆತ್ತನೆಯ ಅಂಗುಳ ಮೇಲೆದ್ದು ಮೂಗಿನ ದಾರಿ ಮುಚ್ಚುತ್ತದೆ. ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಜಿಗಿಯುತ್ತದೆ. ಕತ್ತಿನ ಮುಂಭಾಗದ ಉಬ್ಬಿನ ಮೇಲೆ ಬೆರಳಿಟ್ಟು ಉಗುಳು ನುಂಗಿದರೆ ಅದು ತಿಳಿಯುತ್ತದೆ. ಧ್ವನಿತಂತುಗಳು ಬಿಗಿಯಾಗಿ ಕೂಡಿಕೊಳ್ಳುತ್ತವೆ, ಉಸಿರು ಕ್ಷಣಕಾಲ ನಿಲ್ಲುತ್ತದೆ, ಅನ್ನನಾಳದ ಬಾಯಿಯನ್ನು ಸದಾ ಬಿಗಿದಿಟ್ಟಿರುವ ಸ್ನಾಯು ಸಡಿಲಗೊಳ್ಳುತ್ತದೆ. ಇಷ್ಟೂ ಆಗುವುದು ಹೆಚ್ಚುಕಡಿಮೆ ಒಂದು ಸೆಕೆಂಡಿನಲ್ಲಿ.

ಈ ಕ್ರಮವನ್ನು ನಡೆಸುವ ನರಕೋಶಗಳು ಮಿದುಳಿನ ತಳದಲ್ಲಿ, ಬೆನ್ನುಹುರಿ ಶುರುವಾಗುವುದಕ್ಕೆ ಸ್ವಲ್ಪ ಮೇಲಿರುವ ಮೆಡುಲ್ಲಾದಲ್ಲಿವೆ. ತುತ್ತು ಬಂತೆಂಬ ಸುದ್ದಿ ಮುಖ್ಯವಾಗಿ ವೇಗಸ್ ಮುಂತಾದ ನರಗಳ ಮೂಲಕ ಅಲ್ಲಿಗೆ ತಲುಪುತ್ತದೆ. ಯಾವ ಸ್ನಾಯು ಯಾವಾಗ ಬಿಗಿಯಬೇಕೆಂಬ ಆಜ್ಞೆ ಅಲ್ಲಿಂದ ಹೊರಡುತ್ತದೆ. ಆ ಜಾಗಕ್ಕೇ ರಕ್ತ ನಿಂತರೆ ನುಂಗುವುದು ತಪ್ಪುವುದು ಸಹಜ. ಆದರೆ ಬಹುಪಾಲು ಪಾರ್ಶ್ವವಾಯು ಆಗುವುದು ಮೇಲೆ, ಮಿದುಳಿನ ಅರ್ಧಗೋಳಗಳಲ್ಲಿ. ಹಾಗಿದ್ದೂ ಆರಂಭದ ದಿನಗಳಲ್ಲಿ ಸುಮಾರು ಅರ್ಧದಷ್ಟು ರೋಗಿಗಳಿಗೆ ನುಂಗಲು ತೊಂದರೆ ಏಕೆ?

ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಶಾಹೀನ್ ಹಮ್ದಿ ಮತ್ತು ಸಂಗಡಿಗರು 1990ರ ದಶಕದಲ್ಲಿ ಇದಕ್ಕೆ ಉತ್ತರ ಹುಡುಕಿದರು. ತಲೆಯ ಮೇಲೆ ಕಾಂತೀಯ ಸ್ಪಂದನ ಕೊಟ್ಟು ಗಂಟಲ ಸ್ನಾಯುಗಳ ಪ್ರತಿಕ್ರಿಯೆ ಅಳೆದಾಗ, ನುಂಗುವ ಸ್ನಾಯುಗಳಿಗೆ ಮಿದುಳಿನ ಎರಡೂ ಬದಿಯಿಂದ ಆಜ್ಞೆ ಬರುತ್ತದೆ, ಆದರೆ ಸಾಮಾನ್ಯವಾಗಿ ಒಂದು ಬದಿಯದೇ ಮೇಲುಗೈ ಎಂದು ಕಂಡಿತು. ಬಲಗೈಯವರೋ ಎಡಗೈಯವರೋ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಮೇಲುಗೈ ಇರುವ ಬದಿಗೇ ಪೆಟ್ಟು ಬಿದ್ದರೆ ಮೆಡುಲ್ಲಾ ಸರಿಯಿದ್ದರೂ ಅದಕ್ಕೆ ಸಿಗಬೇಕಾದ ಚಾಲನೆ ಕುಂದುತ್ತದೆ, ನುಂಗುವ ಕ್ರಿಯೆ ತಡವಾಗುತ್ತದೆ. ಗಂಜಿ ನಿಧಾನ ಜಾರುತ್ತದೆ, ತಡವನ್ನು ಸ್ವಲ್ಪ ಸಹಿಸಿಕೊಳ್ಳುತ್ತದೆ. ನೀರು ಹಾಗಲ್ಲ. ಶ್ವಾಸನಾಳದ ಬಾಗಿಲು ತೆರೆದಿರುವಾಗಲೇ ಅದು ಒಳಗೆ ಇಳಿದಿರುತ್ತದೆ.

ಆರೋಗ್ಯವಂತರಿಗೆ ಹೀಗಾದರೆ ನೆತ್ತಿಗೇರಿತು ಎಂದು ಕೆಮ್ಮಿ ಹೊರಹಾಕುತ್ತಾರೆ. ಪಾರ್ಶ್ವವಾಯುವಿನಲ್ಲಿ ಗಂಟಲ ಸ್ಪರ್ಶಜ್ಞಾನವೂ ಮಂಕಾಗಿರಬಹುದು, ಕೆಮ್ಮೇ ಬಾರದಿರಬಹುದು. ಅರವತ್ತೈದು ದಾಟಿದ ಒಬ್ಬ ರೈತನನ್ನು ಊಹಿಸಿಕೊಳ್ಳಿ. ಎಡಗೈ, ಎಡಗಾಲು ಬಿದ್ದಿವೆ. ಮಲಗಿದ್ದಂತೆಯೇ ಮಗಳು ನೀರು ಕುಡಿಸುತ್ತಾಳೆ. ಆತ ಕೆಮ್ಮುವುದಿಲ್ಲ, ಮಾತು ಮಾತ್ರ ಗೊರಗೊರ ಎನ್ನುತ್ತದೆ, ಬಾಯಿಯ ಎಡಮೂಲೆಯಿಂದ ಜೊಲ್ಲು ಇಳಿಯುತ್ತದೆ. ಮೂರನೆಯ ದಿನ ಜ್ವರ, ಏದುಸಿರು, ರಕ್ತದಲ್ಲಿ ಆಮ್ಲಜನಕ ಇಳಿಕೆ. ಎಕ್ಸ್-ರೇಯಲ್ಲಿ ಬಲ ಶ್ವಾಸಕೋಶದ ಕೆಳಭಾಗ ಬೆಳ್ಳಗೆ ಕಾಣುತ್ತದೆ. ಬಲಗಡೆಯ ಶ್ವಾಸನಾಳ ಎಡಗಡೆಯದಕ್ಕಿಂತ ಅಗಲ, ನೆಟ್ಟಗೆ ಕೂಡ. ಜಾರಿದ್ದು ಹೆಚ್ಚಾಗಿ ಅಲ್ಲಿಗೇ ಹೋಗುತ್ತದೆ.

ಶುದ್ಧ ನೀರು ಸ್ವಲ್ಪ ಹೋದರೆ ಶ್ವಾಸಕೋಶ ಹೀರಿಕೊಳ್ಳಬಲ್ಲದು. ಸೋಂಕು ತರುವುದು ಅದರ ಜೊತೆ ಹೋಗುವ ಬಾಯಿಯ ಬ್ಯಾಕ್ಟೀರಿಯಾ. ಹಲ್ಲುಜ್ಜದೆ ಒಣಗಿದ ಬಾಯಲ್ಲಿ ಅವು ಬೇಗ ಹೆಚ್ಚುತ್ತವೆ. ಪಾರ್ಶ್ವವಾಯುವಿನ ನಂತರ ದೇಹದ ರೋಗನಿರೋಧಕ ಶಕ್ತಿಯೂ ಕೆಲಕಾಲ ತಗ್ಗುತ್ತದೆ.

ಆದ್ದರಿಂದಲೇ ಬಾಯಿಗೆ ಮೊದಲ ಗುಟುಕು, ಮಾತ್ರೆಯೂ ಸೇರಿದಂತೆ, ಏನನ್ನೂ ಹಾಕುವ ಮುನ್ನ ನುಂಗುವ ಪರೀಕ್ಷೆ ಆಗಬೇಕು. ರೋಗಿ ಪೂರ್ತಿ ಎಚ್ಚರವಿದ್ದರೆ ನೆಟ್ಟಗೆ ಕೂರಿಸಿ, ತರಬೇತಾದ ನರ್ಸ್ ಅಥವಾ ಸ್ಪೀಚ್ ಥೆರಪಿಸ್ಟ್ ಚಮಚದಲ್ಲಿ ನೀರು ಕೊಟ್ಟು ನೋಡುತ್ತಾರೆ. ತೊಂದರೆ ಕಾಣದಿದ್ದರೆ ಲೋಟದಲ್ಲಿ. ಪ್ರತಿ ಸಲವೂ "ಆ" ಅನ್ನಿಸಿ ದನಿ ಕೇಳುತ್ತಾರೆ. ಕೆಮ್ಮು, ಒದ್ದೆಯಾದ ದನಿ, ಉಸಿರಿನ ಬದಲಾವಣೆ ಕಂಡರೆ ಅಲ್ಲಿಗೇ ನಿಲ್ಲಿಸುತ್ತಾರೆ. 2011ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ದೊಡ್ಡ ಅಧ್ಯಯನದಲ್ಲಿ ಜ್ವರ, ಸಕ್ಕರೆ, ನುಂಗುವಿಕೆ ಈ ಮೂರನ್ನೂ ನಿಗಾ ಇಟ್ಟು ನೋಡಲು ನರ್ಸ್‌ಗಳಿಗೆ ಕಲಿಸಿದ್ದರಿಂದ 90 ದಿನಗಳ ನಂತರ ಸತ್ತವರು, ಪರಾವಲಂಬಿಗಳಾದವರು ಕಡಿಮೆಯಿದ್ದರು. ಆದರೆ ಸದ್ದಿಲ್ಲದೆ ಇಳಿಯುವ ನೀರು ಹಾಸಿಗೆ ಬದಿಯ ಪರೀಕ್ಷೆಗೆ ಕೆಲವೊಮ್ಮೆ ಸಿಗುವುದಿಲ್ಲ. ಅನುಮಾನವಿದ್ದರೆ ಬೇರಿಯಂ ಬೆರೆಸಿದ ಆಹಾರ ನುಂಗಿಸಿ ಎಕ್ಸ್-ರೇ ವಿಡಿಯೊ ನೋಡುತ್ತಾರೆ, ಇಲ್ಲವೇ ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸುತ್ತಾರೆ.

ಪರೀಕ್ಷೆಯಲ್ಲಿ ತೇರ್ಗಡೆಯಾಗದವರಿಗೆ ಮೂಗಿನ ಮೂಲಕ ರೈಲ್ಸ್ ಟ್ಯೂಬ್ ಹಾಕುತ್ತಾರೆ. ಬಹಳಷ್ಟು ಮಂದಿಗೆ ಕೆಲವು ವಾರಗಳಲ್ಲಿ ನುಂಗುವ ಶಕ್ತಿ ಮರಳುತ್ತದೆ. ಪೆಟ್ಟು ಬೀಳದ ಬದಿಯ ಮಿದುಳು ಆ ಕೆಲಸ ವಹಿಸಿಕೊಳ್ಳುವುದನ್ನು ಹಮ್ದಿಯವರ ತಂಡವೇ ಮುಂದೆ ತೋರಿಸಿತು. ಅಲ್ಲಿಯವರೆಗೆ ಟ್ಯೂಬ್ ಹೊಟ್ಟೆ ತುಂಬಿಸುತ್ತದೆ, ಆದರೆ ಉಗುಳನ್ನು ತಡೆಯುವುದಿಲ್ಲ, ಹೊಟ್ಟೆಯಿಂದ ಮೇಲೇರುವುದನ್ನೂ ತಡೆಯುವುದಿಲ್ಲ. ಹಾಗಾಗಿ ಟ್ಯೂಬಿನಲ್ಲಿ ಆಹಾರ ಕೊಡುವಾಗ, ಕೊಟ್ಟ ಮೇಲೂ ಸ್ವಲ್ಪ ಹೊತ್ತು, ತಲೆಯ ಕಡೆ ಎತ್ತರಿಸಿರಬೇಕು. ಬಾಯಿಂದ ಒಂದಗುಳೂ ತಿನ್ನದವರ ಹಲ್ಲು, ನಾಲಗೆಗಳನ್ನೂ ದಿನಕ್ಕೆ ಎರಡು ಮೂರು ಸಲ ಉಜ್ಜಿ ಒರೆಸಬೇಕು.